ಫ್ಯಾಟು 2.8: ಒಂದು ಸಂದರ್ಶನದ ಕಥೆ

ಈ ಕಥೆಯ ಹುಡುಗನಿಗೆ ಶಂಕರ ಎಂದು ಹೆಸರಿಡೋಣ. ಊರು ಚಿಂತಾಮಣಿ ತಾಲ್ಲೂಕಿನ ಒಂದು ಹಳ್ಳಿ, ಓದು ಬಿ.ಎಸ್ಸಿ., ವಯಸ್ಸು 22. ಹುಡುಗ ಕಲ್ಪಿತ, ಅವನು ಹೋದ ಕಂಪನಿಯೂ ಕಲ್ಪಿತ. ಆದರೆ ಅವನಿಗೆ ಗೊತ್ತಿದ್ದ ಹಾಲಿನ ಲೆಕ್ಕ ನಿಜವಾದದ್ದು. ನಮ್ಮ ಹಳ್ಳಿಗಳ ಡೈರಿಗಳಲ್ಲಿ ದಿನಕ್ಕೆರಡು ಸಲ ನಡೆಯುವಂಥದ್ದೇ. ಅವನಿಗೆ ಕೆಲಸ ಸಿಕ್ಕಿದ್ದು ಆ ಲೆಕ್ಕದಿಂದ. ಹಾಗಾಗಿ ಅದನ್ನು ತಿಳಿಯದೆ ಈ ಕಥೆ ಅರ್ಥವಾಗುವುದಿಲ್ಲ.

ಶಂಕರ ಮಾತಿನವನಲ್ಲ. ಕಾಲೇಜಿನಲ್ಲಿ ವೈವಾ ಎಂದರೆ ಹಿಂದಿನ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಉತ್ತರ ಗೊತ್ತಿದ್ದರೂ ಮೇಷ್ಟ್ರು ಮುಖ ನೋಡಿದ ಕೂಡಲೇ ಗಂಟಲು ಕಟ್ಟುತ್ತಿತ್ತು. ಮನೆಗೆ ನೆಂಟರು ಬಂದರೆ ಹಿತ್ತಲ ಬಾಗಿಲಿನಿಂದ ಕೊಟ್ಟಿಗೆಗೆ ಜಾರಿಕೊಳ್ಳುವ ಪೈಕಿ. ಅಂಥವನಿಗೆ ಬೆಂಗಳೂರಿನ ಖಾಸಗಿ ಹಾಲಿನ ಕಂಪನಿಯೊಂದರಿಂದ ಸಂದರ್ಶನದ ಕರೆ ಬಂತು. ಹಳ್ಳಿಗಳಿಂದ ಹಾಲು ಸಂಗ್ರಹಿಸುವ ವಿಭಾಗದಲ್ಲಿ ಫೀಲ್ಡ್ ಸೂಪರ್‌ವೈಸರ್ ಹುದ್ದೆ.

ತಯಾರಿ ಎಂದು ಅವನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಸ್ನೇಹಿತನ ಮೊಬೈಲಿನಿಂದ ಒಂದು ರೆಸ್ಯೂಮೆ ಇಳಿಸಿಕೊಂಡು, ಝೆರಾಕ್ಸ್ ಅಂಗಡಿಯಲ್ಲಿ ಹೆಸರು, ಅಂಕಗಳನ್ನು ಬದಲಿಸಿ ಪ್ರಿಂಟ್ ತೆಗೆಸಿದ. ‘ಸ್ಟ್ರೆಂತ್: ಹಾರ್ಡ್ ವರ್ಕ್’, ‘ವೀಕ್‌ನೆಸ್: ಪರ್ಫೆಕ್ಷನಿಸ್ಟ್’, ‘ಹಾಬಿ: ಕ್ರಿಕೆಟ್’ ಎಂದು ಅದರಲ್ಲಿ ಮೊದಲೇ ಇತ್ತು. ಅವನ್ನು ಮುಟ್ಟಲಿಲ್ಲ. ತನ್ನ ಬಗ್ಗೆ ಹೇಳಿಕೊಳ್ಳುವ ಹದಿನೈದು ಇಂಗ್ಲಿಷ್ ವಾಕ್ಯಗಳನ್ನು ಬಾಯಿಪಾಠ ಮಾಡಿದ. ಓದುತ್ತಿದ್ದ ಕಾಲದಿಂದ ಎರಡು ವರ್ಷ ಊರಿನ ಹಾಲು ಉತ್ಪಾದಕರ ಸಂಘದಲ್ಲಿ ಟೆಸ್ಟರ್ ಆಗಿ ದುಡಿದದ್ದನ್ನು ಮಾತ್ರ ಎಲ್ಲೂ ಬರೆಯಲಿಲ್ಲ. ಅದು ಡೈರಿ ಕೆಲಸ, ಅದನ್ನು ಯಾರಾದರೂ ಬರೆಯುತ್ತಾರೆಯೇ ಎಂಬ ಭಾವನೆ. ನಮ್ಮ ಹಳ್ಳಿಯ ಪದವೀಧರರ ರೆಸ್ಯೂಮೆಗಳಲ್ಲಿ ಕಾಣೆಯಾಗುವುದು ಸಾಮಾನ್ಯವಾಗಿ ಈ ಸಾಲೇ. ಅಂಗಡಿ ನೋಡಿಕೊಂಡದ್ದು, ಬೋರ್‌ವೆಲ್ ಮೋಟರ್ ಬಿಚ್ಚಿ ಕಟ್ಟಿದ್ದು, ಸ್ವಸಹಾಯ ಸಂಘದ ಲೆಕ್ಕ ಬರೆದದ್ದು, ಯಾವುದೂ ಅಲ್ಲಿ ಇರುವುದಿಲ್ಲ.

ಸಂದರ್ಶನ 11 ಗಂಟೆಗೆ. ಮೊದಲ ಬಸ್ಸಿಗೆ ಹೊರಟವನು ಎಂಟೂವರೆಗೇ ಗಾಜಿನ ಕಟ್ಟಡದ ಎದುರಿಗಿದ್ದ. ಅಣ್ಣನ ಶರ್ಟು, ಪಾಲಿಶ್ ಮಾಡಿದ ಹಳೆಯ ಶೂ. ಕಾಯುವ ಕೋಣೆಯಲ್ಲಿ ಏಳೆಂಟು ಮಂದಿ ಇಂಗ್ಲಿಷಿನಲ್ಲಿ ಹರಟುತ್ತಿದ್ದರು. ಅವನು ಮೂಲೆಯ ಕುರ್ಚಿ ಹಿಡಿದು ಹದಿನೈದು ವಾಕ್ಯಗಳನ್ನು ಮನಸ್ಸಿನಲ್ಲೇ ಮತ್ತೆ ಮತ್ತೆ ತಿರುವಿಹಾಕಿದ.

ಒಳಗೆ ಇಬ್ಬರು. ಎಚ್‌ಆರ್ ವಿಭಾಗದ ಮೇಡಂ ಒಬ್ಬರು, ಹಾಲು ಸಂಗ್ರಹಣೆಯ ಮುಖ್ಯಸ್ಥರೊಬ್ಬರು. ತಲೆ ನರೆತ ಈ ಹಿರಿಯರು ಮಾತಾಡದೆ ರೆಸ್ಯೂಮೆ ಓದುತ್ತಿದ್ದರು. ಮೇಡಂ ನಗುತ್ತಲೇ ಕೇಳಿದರು: “ಟೆಲ್ ಅಸ್ ಅಬೌಟ್ ಯುವರ್‌ಸೆಲ್ಫ್.”

ಎರಡು ವಾಕ್ಯ ಸರಾಗವಾಗಿ ಬಂತು. ಮೂರನೆಯದು ಬರಲಿಲ್ಲ. ಬಾಯಿಪಾಠದ ತೊಂದರೆಯೇ ಅದು: ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಹೋಯಿತು. ಶಂಕರ ಮೇಜಿನ ಅಂಚು ನೋಡುತ್ತ ಕೂತ. ಕೋಣೆಯಲ್ಲಿ ಎಸಿ ಇದ್ದರೂ ಬೆನ್ನು ಒದ್ದೆಯಾಯಿತು.

ಆಗ ಹಿರಿಯರು ಕನ್ನಡದಲ್ಲಿ ಕೇಳಿದರು: “ಬೆಳಿಗ್ಗೆ ಎಷ್ಟು ಗಂಟೆಗೆ ಏಳ್ತೀರಪ್ಪ?”

“ನಾಲ್ಕೂವರೆಗೆ ಸರ್.”

“ಓದೋಕಾ?”

“ಅಲ್ಲ ಸರ್. ಡೈರಿ ಬಾಗಿಲು ತೆಗೀಬೇಕು.”

ಹಿರಿಯರು ರೆಸ್ಯೂಮೆಯನ್ನು ಪಕ್ಕಕ್ಕಿಟ್ಟರು. “ಡೈರೀಲಿ ಏನು ಮಾಡ್ತೀರಿ?”

“ಟೆಸ್ಟರ್ ಸರ್. ಎರಡು ವರ್ಷದಿಂದ.”

“ಇದರಲ್ಲಿ ಎಲ್ಲೂ ಇಲ್ಲವಲ್ಲ?”

ಶಂಕರನಿಗೆ ಏನು ಹೇಳುವುದೋ ತೋಚಲಿಲ್ಲ. ಹಿರಿಯರೂ ಒತ್ತಾಯಿಸಲಿಲ್ಲ. ಮುಂದಿನ ಪ್ರಶ್ನೆ ಕೇಳಿದರು: “ಸರಿ, ಯಾರದಾದರೂ ಹಾಲಿನ ವಿಷಯದಲ್ಲಿ ಗಲಾಟೆ ಆಗಿದ್ದು ಉಂಟಾ? ಒಂದು ಸಲ ಆಗಿದ್ದು ಹೇಳಿ. ನೀವೇನು ಮಾಡಿದಿರಿ ಅಂತ ಹೇಳಿ.”

ಇಲ್ಲಿ ಸ್ವಲ್ಪ ನಿಲ್ಲೋಣ. ಈ ಪ್ರಶ್ನೆ ಸುಮ್ಮನೆ ಹರಟೆಗೆ ಕೇಳಿದ್ದಲ್ಲ. ‘ನಿಮ್ಮ ಶಕ್ತಿ ಏನು’ ಎಂದು ಕೇಳಿದರೆ ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ‘ಒಂದು ದಿನ ಏನಾಯಿತು, ನೀವೇನು ಮಾಡಿದಿರಿ’ ಎಂದರೆ ಮಾಡಿದವನು ಮಾತ್ರ ವಿವರ ಕೊಡಬಲ್ಲ. ಕೆಲಸಕ್ಕೆ ಜನರನ್ನು ಆರಿಸುವ ಬೇರೆ ಬೇರೆ ವಿಧಾನಗಳ ಬಗ್ಗೆ ಆದ 85 ವರ್ಷಗಳ ಸಂಶೋಧನೆಗಳನ್ನು ಅಮೆರಿಕದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ 1998ರಲ್ಲಿ ಒಟ್ಟುಗೂಡಿಸಿ ನೋಡಿದರು. ಮನಸ್ಸಿಗೆ ಬಂದದ್ದನ್ನು ಕೇಳುವ ಸಂದರ್ಶನಕ್ಕಿಂತ, ಕೆಲಸಕ್ಕೆ ಸಂಬಂಧಿಸಿದ ಒಂದೇ ಬಗೆಯ ಪ್ರಶ್ನೆಗಳನ್ನು ಎಲ್ಲರಿಗೂ ಕೇಳಿ, ಉತ್ತರಕ್ಕೆ ಅಂಕ ಕೊಡುವ ಸಂದರ್ಶನ ಒಳ್ಳೆಯ ಕೆಲಸಗಾರನನ್ನು ಹೆಚ್ಚು ಸರಿಯಾಗಿ ಗುರುತಿಸುತ್ತದೆ ಎಂಬುದು ಅವರಿಗೆ ಕಂಡುಬಂತು. ಆಮೇಲಿನ ಅಧ್ಯಯನಗಳಲ್ಲೂ ಅದು ನಿಂತಿದೆ. ಆ ಹಿರಿಯರು ಇದನ್ನೆಲ್ಲ ಓದಿರಬೇಕೆಂದಿಲ್ಲ. ಹಾಲಿನವರಿಗೆ ಮಾತಿಗಿಂತ ಸ್ಯಾಂಪಲ್ ಮೇಲೆ ನಂಬಿಕೆ ಹೆಚ್ಚು.

ಶಂಕರ ಹೇಳತೊಡಗಿದ. ಮೊದಲು ನಿಧಾನವಾಗಿ, ನೆಲ ನೋಡಿಕೊಂಡು.

ಊರಿನಲ್ಲಿ ಮುನಿರತ್ನಮ್ಮ ಎಂಬುವರಿದ್ದಾರೆ. ಒಂದೇ ಹಸು, ಮಿಶ್ರತಳಿ. ಅವರ ಹಾಲಿಗೆ ಯಾವಾಗಲೂ ಫ್ಯಾಟು 3.9ರ ಆಸುಪಾಸು ಬರುತ್ತಿತ್ತು. ಒಂದು ವಾರದಿಂದ ಇದ್ದಕ್ಕಿದ್ದಂತೆ 2.8ಕ್ಕೆ ಇಳಿಯಿತು. ಹಸುವಿನ ಹಾಲಿನಲ್ಲಿ ಕನಿಷ್ಠ ಶೇ. 3.2 ಕೊಬ್ಬು, ಶೇ. 8.3 ಕೊಬ್ಬೇತರ ಘನಾಂಶ ಇರಬೇಕೆಂಬುದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡ. ಡೈರಿ ಭಾಷೆಯಲ್ಲಿ ಇವೇ ಫ್ಯಾಟು ಮತ್ತು ಎಸ್‌ಎನ್‌ಎಫ್. ಹಾಲಿಗೆ ಸಿಗುವ ಹಣ ಇವೆರಡರ ಮೇಲೆ ನಿಂತಿದೆ. 2.8 ಬಂದರೆ ದರ ಕಡಿತ, ಇಲ್ಲವೆ ಹಾಲು ವಾಪಸ್. ಸಾಲಿನಲ್ಲಿ ನಿಂತವರು ಗುಸುಗುಸು ಶುರು ಮಾಡಿದರು. ಸೆಕ್ರೆಟರಿ ಎಲ್ಲರ ಎದುರಿಗೇ, “ಏನಮ್ಮ, ನೀರು ಹಾಕೋದು ಕಲಿತ್ಯಾ?” ಎಂದುಬಿಟ್ಟರು. ಮುನಿರತ್ನಮ್ಮ ಕ್ಯಾನು ಎತ್ತಿ ಕುಕ್ಕಿ, ಊರೆಲ್ಲ ಕೇಳುವಂತೆ ಬೈದು ಹೋದರು.

“ನೀವೇನು ಅಂದ್ರಿ?” ಹಿರಿಯರು ಕೇಳಿದರು.

“ಏನೂ ಅನ್ನಲಿಲ್ಲ ಸರ್. ಅಷ್ಟು ಜನರ ಮುಂದೆ ಮಾತಾಡೋಕೆ ನನಗೆ ಆಗಲ್ಲ. ಸ್ಯಾಂಪಲ್ ಎತ್ತಿಟ್ಟುಕೊಂಡೆ.”

ಎಚ್‌ಆರ್ ಮೇಡಂ ಪೆನ್ನು ಕೆಳಗಿಟ್ಟು ಕೇಳತೊಡಗಿದ್ದು ಇಲ್ಲಿಂದ.

ಮೊದಲ ಅನುಮಾನ ಮೆಷಿನ್ ಮೇಲೆ. ಈಗ ಹೆಚ್ಚಿನ ಸಂಘಗಳಲ್ಲಿ ಹಾಲನ್ನು ಹೀರಿ ನಿಮಿಷದೊಳಗೆ ಚೀಟಿ ಕೊಡುವ ಯಂತ್ರವಿದೆ. ಅದರ ನಳಿಗೆಯನ್ನು ಸರಿಯಾಗಿ ತೊಳೆಯದಿದ್ದರೆ, ಹಾಲಿನಲ್ಲಿ ನೊರೆ ಇದ್ದರೆ, ಚೀಟಿಯೂ ತಪ್ಪು ಹೇಳುತ್ತದೆ. ಅದಕ್ಕೆ ಶಂಕರ ಹಳೆಯ ಗರ್ಬರ್ ವಿಧಾನಕ್ಕೆ ಹೋದ. ಉದ್ದ ಕತ್ತಿನ, ಗೆರೆ ಎಳೆದ ಗಾಜಿನ ಬ್ಯುಟಿರೋಮೀಟರ್‌ಗೆ 10 ಮಿ.ಲೀ. ಗಂಧಕಾಮ್ಲ, ಅದರ ಮೇಲೆ ನಿಧಾನವಾಗಿ 10.75 ಮಿ.ಲೀ. ಹಾಲು, ಕೊನೆಗೆ 1 ಮಿ.ಲೀ. ಅಮೈಲ್ ಆಲ್ಕೊಹಾಲ್. ಬಿರಡೆ ಹಾಕಿ ಕುಲುಕಿದರೆ ಕೈ ಸುಡುವಷ್ಟು ಬಿಸಿಯಾಗುತ್ತದೆ, ಬಟ್ಟೆ ಸುತ್ತಿ ಹಿಡಿಯಬೇಕು. ಆಮ್ಲ ಉಳಿದದ್ದನ್ನೆಲ್ಲ ಕರಗಿಸಿ ಕೊಬ್ಬನ್ನು ಮಾತ್ರ ಬಿಡುಗಡೆ ಮಾಡುತ್ತದೆ. ಸೆಂಟ್ರಿಫ್ಯೂಜಿನಲ್ಲಿ ಐದು ನಿಮಿಷ ತಿರುಗಿಸಿ, 65 ಡಿಗ್ರಿ ಬಿಸಿನೀರಿನಲ್ಲಿಟ್ಟರೆ ಕೊಬ್ಬು ಕತ್ತಿನಲ್ಲಿ ಹಳದಿ ಪಟ್ಟಿಯಾಗಿ ನಿಲ್ಲುತ್ತದೆ. ಗೆರೆ ಓದಿಕೊಳ್ಳುವುದಷ್ಟೇ ಬಾಕಿ. 2.8. ಮೆಷಿನ್ ಸುಳ್ಳು ಹೇಳಿರಲಿಲ್ಲ.

ಎರಡನೆಯದು ನೀರಿನ ಅನುಮಾನ. ಇಲ್ಲಿ ಲ್ಯಾಕ್ಟೋಮೀಟರ್ ಬೇಕು. ಹಾಲು ಎಷ್ಟು ಗಟ್ಟಿಯೋ ಅಷ್ಟು ಮೇಲೆ ತೇಲುವ ಗಾಜಿನ ಬುರುಡೆ ಅದು. ಒಳ್ಳೆಯ ಹಸುವಿನ ಹಾಲಿನಲ್ಲಿ 28ರಿಂದ 30ರ ನಡುವೆ ನಿಲ್ಲುವುದು ವಾಡಿಕೆ. ಹತ್ತರಲ್ಲಿ ಒಂದು ಪಾಲು ನೀರು ಬೆರೆತರೆ ಸುಮಾರು ಮೂರು ಡಿಗ್ರಿ ಇಳಿಯುತ್ತದೆ. ಆದರೆ ಒಂದು ಎಚ್ಚರ ಬೇಕು: ಆಗತಾನೇ ಕರೆದ ಹಾಲನ್ನು ಕೂಡಲೇ ಅಳೆದರೆ, ಅದು ಬಿಸಿಯಾಗಿ, ಒಳಗೆ ಗಾಳಿ ತುಂಬಿಕೊಂಡಿರುವುದರಿಂದ ಡಿಗ್ರಿ ಕಡಿಮೆ ತೋರಿಸುತ್ತದೆ. ಆ ಆತುರದಲ್ಲಿ ಎಷ್ಟೋ ಪ್ರಾಮಾಣಿಕರಿಗೆ ನೀರು ಹಾಕಿದ ಹೆಸರು ಬಂದಿದೆ. ಶಂಕರ ಹಾಲನ್ನು ಆರಲು ಬಿಟ್ಟು, ಉಷ್ಣತೆಯ ತಿದ್ದುಪಡಿ ಮಾಡಿ ನೋಡಿದ. 29.5 ಬಂತು. ಮುನಿರತ್ನಮ್ಮನವರ ಹಿಂದಿನ ರೀಡಿಂಗ್ 29.

“ಅಂದರೆ?” ಹಿರಿಯರು.

“ನೀರು ಹಾಕಿದ್ರೆ ಫ್ಯಾಟೂ ಇಳೀಬೇಕು, ಡಿಗ್ರಿಯೂ ಇಳೀಬೇಕು ಸರ್. ಇಲ್ಲಿ ಫ್ಯಾಟು ಮಾತ್ರ ಇಳಿದಿದೆ. ಡಿಗ್ರಿ ಅರ್ಧ ಏರಿದೆ. ನೀರಲ್ಲ.”

“ಎಸ್‌ಎನ್‌ಎಫ್ ಎಷ್ಟು ಬರುತ್ತೆ? ಕ್ಯಾಲ್ಕುಲೇಟರ್ ಬೇಕಾ?”

“ಬೇಡ ಸರ್.” ಬಳಕೆಯಲ್ಲಿರುವ ಒಂದು ಸೂತ್ರದಂತೆ ತಿದ್ದಿದ ರೀಡಿಂಗನ್ನು 4ರಿಂದ ಭಾಗಿಸಿ, ಅದಕ್ಕೆ ಫ್ಯಾಟಿನ 0.21 ಪಟ್ಟು ಸೇರಿಸಿ, ಮತ್ತೆ 0.36 ಕೂಡಬೇಕು. 29.5ರ ಕಾಲು ಭಾಗ 7.375. 2.8ಕ್ಕೆ 0.588. ಎಲ್ಲ ಸೇರಿದರೆ 8.32. “ಎಂಟು ಪಾಯಿಂಟ್ ಮೂರು ಸರ್. ಸ್ಟ್ಯಾಂಡರ್ಡ್ ಇದೆ” ಎಂದ. ಎರಡು ವರ್ಷ ದಿನಾ ಬೆಳಿಗ್ಗೆ ಮಾಡಿದ ಲೆಕ್ಕ. ಹೇಳುವಾಗ ಅವನು ತಲೆಯೆತ್ತಿದ್ದ. ಅದು ಅವನಿಗೇ ಗೊತ್ತಾಗಿರಲಿಲ್ಲ.

ಹಿರಿಯರು ಬಿಡಲಿಲ್ಲ. “ಡಿಗ್ರಿ ಏರಿ ಫ್ಯಾಟು ಇಳಿದರೆ ಕೆನೆ ತೆಗೆದಿದ್ದಾರೆ ಅಂತ ಅಲ್ವಾ?”

ಪ್ರಶ್ನೆ ನ್ಯಾಯವಾದದ್ದೇ. ಕೊಬ್ಬು ಹಗುರ, ಅದನ್ನು ತೆಗೆದರೆ ಉಳಿದ ಹಾಲು ಗಟ್ಟಿ ತೋರುತ್ತದೆ. ಪಳಗಿದ ಕೈಗಳು ಕೆನೆ ತೆಗೆದು, ಏರಿದ ಡಿಗ್ರಿಯನ್ನು ನೀರು ಬೆರೆಸಿ ಸರಿಗಟ್ಟುವುದೂ ಉಂಟು. ಆಗ ಬರೀ ಲ್ಯಾಕ್ಟೋಮೀಟರ್ ನಂಬಿದವನು ಮೋಸ ಹೋಗುತ್ತಾನೆ. ಎರಡು ಪರೀಕ್ಷೆಗಳನ್ನೂ ಒಟ್ಟಿಗೆ ಮಾಡುವುದು ಅದಕ್ಕೇ.

“ನಾನೂ ಹಂಗೇ ಅನ್ಕೊಂಡೆ ಸರ್. ಆದ್ರೆ ಅವರು ಕರೆದ ಕಾಲು ಗಂಟೆಗೆ ಡೈರಿಗೆ ಬರ್ತಾರೆ. ಅಷ್ಟರಲ್ಲಿ ಕೆನೆ ಎಲ್ಲಿ ಕಟ್ಟುತ್ತೆ? ಸಾಯಂಕಾಲ ಅವರ ಮನೆಗೆ ಹೋದೆ.”

ಮುನಿರತ್ನಮ್ಮ ಬಾಗಿಲಲ್ಲೇ ತಡೆದರು. “ನೀನೂ ನೀರಿನ ಮಾತು ಆಡೋಕೆ ಬಂದ್ಯೇನೋ?” “ಇಲ್ಲ ಅತ್ತೆ, ಹಾಲು ಕರೆಯೋದು ನೋಡ್ಬೇಕು” ಎಂದ. ಕೊಟ್ಟಿಗೆಯಲ್ಲಿ ಕರೆಯುತ್ತಿದ್ದುದು ಅವರ ಮೊಮ್ಮಗ. ಅತ್ತೆಗೆ ಬಲಗೈ ನೋವು ಬಂದು ಒಂದು ವಾರವಾಗಿತ್ತು. ಹುಡುಗನಿಗೆ ಅಭ್ಯಾಸವಿಲ್ಲ, ಬೆಳಿಗ್ಗೆಯಾದರೆ ಶಾಲೆಯ ಬಸ್ಸಿನ ಆತುರ ಬೇರೆ. ಧಾರೆ ತೆಳ್ಳಗಾದ ಕೂಡಲೇ ಎದ್ದು ಕರು ಬಿಡುತ್ತಿದ್ದ.

ಶಂಕರ ಎರಡು ಬಾಟಲಿ ಒಯ್ದಿದ್ದ. ಮೊದಲ ಧಾರೆಯ ಹಾಲು ಒಂದರಲ್ಲಿ ಹಿಡಿದ. ಹುಡುಗ ಎದ್ದ ಮೇಲೆ, ಕರು ಬಿಡುವ ಮೊದಲು, ಅತ್ತೆಯೇ ಎಡಗೈಯಲ್ಲಿ ಹಿಂಡಿ ತೆಗೆದ ಕೊನೆಯ ಹಾಲನ್ನು ಇನ್ನೊಂದರಲ್ಲಿ ಹಿಡಿದ. ಡೈರಿಗೆ ಬಂದು ಪರೀಕ್ಷಿಸಿದರೆ ಮೊದಲನೆಯದರಲ್ಲಿ ಫ್ಯಾಟು 1.6, ಕೊನೆಯದರಲ್ಲಿ 6.8. ಇದರಲ್ಲಿ ಪವಾಡವೇನಿಲ್ಲ. ಕೆಚ್ಚಲಿನ ಒಳಗೆ ಕೊಬ್ಬಿನ ಕಣಗಳು ಮೇಲಿನ ಸಣ್ಣ ಕೋಶಗಳಲ್ಲೇ ತಂಗಿ, ಕಟ್ಟಕಡೆಗೆ ಇಳಿಯುತ್ತವೆ. ಕೈ ಬದಲಾದಾಗ, ಗಾಬರಿಯಾದಾಗ ಹಸು ಸೊರೆಯನ್ನೂ ಪೂರ್ತಿ ಬಿಡುವುದಿಲ್ಲ. ವಾರವಿಡೀ ಮುನಿರತ್ನಮ್ಮನವರ ಫ್ಯಾಟು ಕುಡಿದದ್ದು ಕರು!

ಮಾರನೆಯ ದಿನ ಕರುವಿಗೆ ಮೊದಲೇ ಅದರ ಪಾಲು ಕುಡಿಸಿ, ಆಮೇಲೆ ನಿಧಾನವಾಗಿ ಕೊನೆಯ ಧಾರೆಯವರೆಗೆ ಕರೆಸಿದರು. 3.8 ಬಂತು. ಶಂಕರ ಸಾಲಿನಲ್ಲಿ ಯಾರಿಗೂ ಏನೂ ಹೇಳಲಿಲ್ಲ, ಚೀಟಿಯನ್ನು ಸೆಕ್ರೆಟರಿ ಕೈಗೆ ಕೊಟ್ಟ. ಅವರೇ ಮುನಿರತ್ನಮ್ಮನವರನ್ನು ಕರೆದು, “ತಪ್ಪಾಯ್ತಮ್ಮ” ಎಂದರು. ಎಲ್ಲರ ಎದುರಿಗೇ.

ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಹುಡುಗನ ಸಂಕೋಚವೇ. ಮಾತುಗಾರ ಟೆಸ್ಟರ್ ಆಗಿದ್ದರೆ ಅಂದು ಸಾಲಿನಲ್ಲೇ ಒಂದು ತೀರ್ಪು ಕೊಟ್ಟುಬಿಡುತ್ತಿದ್ದ, ಸೆಕ್ರೆಟರಿ ಪರವೋ, ಅತ್ತೆಯ ಪರವೋ. ಇವನಿಗೆ ಜನರ ಎದುರು ಬಾಯಿ ಬರುವುದಿಲ್ಲವಾದ್ದರಿಂದ ಸ್ಯಾಂಪಲ್ ಎತ್ತಿಟ್ಟುಕೊಂಡ. ಗೊತ್ತಿಲ್ಲದ್ದನ್ನು ಹೇಳದೆ ಒಂದು ದಿನ ಕಾದ. ಹಳ್ಳಿಗಳಿಂದ ಹಾಲು ತರಿಸುವ ಕಂಪನಿಗೆ ಬೇಕಾದ ಗುಣ ಇದೇ, ಏಕೆಂದರೆ ಸುಳ್ಳು ಆರೋಪಕ್ಕೆ ಗುರಿಯಾದ ರೈತ ಮರುದಿನ ಹಾಲನ್ನು ಬೇರೆ ಡೈರಿಗೆ ಹಾಕುತ್ತಾನೆ.

ಎಚ್‌ಆರ್ ಮೇಡಂ ಈಗ ಹರಕು ಕನ್ನಡದಲ್ಲಿ ಒಂದು ಪ್ರಶ್ನೆ ಕೇಳಿದರು: “ಪ್ರೆಸಿಡೆಂಟ್ ಮನೆ ಹಾಲಿಗೆ ಫ್ಯಾಟ್ ಕಮ್ಮಿ ಬಂದರೆ?”

ಶಂಕರ ಸ್ವಲ್ಪ ಹೊತ್ತು ಸುಮ್ಮನಿದ್ದ. “ಒಂದ್ಸಲ ಬಂದಿತ್ತು ಮೇಡಂ. ಜಾಸ್ತಿ ಬರಿ ಅಂದ್ರು. ಅವರ ಮುಂದೇನೇ ಎರಡನೇ ಸಲ ಟೆಸ್ಟ್ ಮಾಡಿದೆ. ಅಷ್ಟೇ ಬಂತು. ಅನುಮಾನ ಇದ್ರೆ ಸ್ಯಾಂಪಲ್ಲನ್ನ ಚಿಲ್ಲಿಂಗ್ ಸೆಂಟರ್‌ಗೆ ಕಳಿಸೋಣ ಅಂದೆ.”

“ಕಳಿಸಿದರಾ?”

“ಬೇಡ ಅಂದ್ರು ಮೇಡಂ.”

ಹಿರಿಯರು ಜೋರಾಗಿ ನಕ್ಕರು.

ಹಾಗೆಂದು ಎಲ್ಲವೂ ಸುಸೂತ್ರವಾಗಿ ಮುಗಿಯಲಿಲ್ಲ. ಎಕ್ಸೆಲ್ ಬರುತ್ತದೆಯೇ ಎಂದಾಗ, “ಕೂಡಿಸೋದು ಬರುತ್ತೆ, ಅದಕ್ಕಿಂತ ಹೆಚ್ಚು ಬರಲ್ಲ” ಎಂದ. ಅದು ಸರಿಯಾದ ಉತ್ತರ. ಬರುತ್ತದೆ ಎಂದಿದ್ದರೆ ಲ್ಯಾಪ್‌ಟಾಪ್ ತಿರುಗಿಸಿ ಎದುರಿಗಿಡುತ್ತಿದ್ದರು. ಇಂಗ್ಲಿಷಿನಲ್ಲಿ ಒಂದು ಇಮೇಲ್ ಬರೆಯಲು ಕೊಟ್ಟರು. ನಾಲ್ಕು ಸಾಲಿಗೆ ಹತ್ತು ನಿಮಿಷ ತೆಗೆದುಕೊಂಡ, ಎರಡು ತಪ್ಪಿತ್ತು, ವಿಷಯ ಸ್ಪಷ್ಟವಾಗಿತ್ತು. ಸಂಬಳ ಎಷ್ಟು ನಿರೀಕ್ಷಿಸುತ್ತೀರಿ ಎಂದಾಗ ಮಾತ್ರ “ನೀವು ಕೊಟ್ಟಷ್ಟು ಸರ್” ಎಂದು ಎಡವಿದ. ಕಂಪನಿಗಳು ಹೇಳುವ ವಾರ್ಷಿಕ ಮೊತ್ತದಲ್ಲಿ ಭವಿಷ್ಯನಿಧಿಗೆ ಕಂಪನಿ ಕಟ್ಟುವ ಪಾಲು, ಕೆಲವೆಡೆ ವಿಮೆಯ ಹಣವೂ ಸೇರಿರುತ್ತದೆ. ತಿಂಗಳಿಗೆ ಕೈಗೆ ಬರುವುದೆಷ್ಟು, ಹಳ್ಳಿ ಸುತ್ತಲು ಪೆಟ್ರೋಲ್ ಭತ್ಯೆ ಬೇರೆಯೋ ಅದರಲ್ಲೇ ಸೇರಿದ್ದೋ ಎಂದು ಅಲ್ಲೇ ಕೇಳಿಕೊಳ್ಳಬೇಕಿತ್ತು. ಫೀಲ್ಡ್ ಕೆಲಸದಲ್ಲಿ ಸಂಬಳದ ದೊಡ್ಡ ತುಂಡು ಬೈಕಿನ ಟ್ಯಾಂಕಿಗೇ ಹೋಗುತ್ತದೆ.

ಅಂಕಪಟ್ಟಿಯಲ್ಲಿ ಐದು ಕಾಲಂಗಳಿದ್ದವು, ತಲಾ ಹತ್ತು ಅಂಕ. ‘ಸಂವಹನ’ದಲ್ಲಿ ಶಂಕರನಿಗೆ ಇಬ್ಬರೂ ಕೊಟ್ಟದ್ದು ನಾಲ್ಕು. ‘ಕೆಲಸದ ತಿಳಿವಳಿಕೆ’ಯಲ್ಲಿ ಒಂಬತ್ತು, ‘ಸಮಸ್ಯೆ ಬಿಡಿಸುವುದು’ ಒಂಬತ್ತು, ‘ಪ್ರಾಮಾಣಿಕತೆ’ ಹತ್ತು, ‘ಕಂಪ್ಯೂಟರ್’ ಮೂರು. ಒಟ್ಟು 35. ಚೆನ್ನಾಗಿ ಮಾತಾಡಿದ ಕೆಲವರು 30 ದಾಟಲಿಲ್ಲ. ಅವರಲ್ಲಿ ಒಬ್ಬ ‘ಹಾಲಿನಲ್ಲಿ ಫ್ಯಾಟು ಯಾಕೆ ಇಳಿಯುತ್ತದೆ’ ಎಂಬ ಪ್ರಶ್ನೆಗೆ ಐದು ನಿಮಿಷ ಒಳ್ಳೆಯ ಇಂಗ್ಲಿಷಿನಲ್ಲಿ ಉತ್ತರಿಸಿದ್ದ, ಒಂದು ಹಸುವಿನ ಹೆಸರೂ ಬಂದಿರಲಿಲ್ಲ.

ಎಲ್ಲ ಸಂದರ್ಶನಗಳೂ ಹೀಗೆ ಆಗುವುದಿಲ್ಲ. ಆ ಹಿರಿಯರು ಅಂದು ರಜೆಯಲ್ಲಿದ್ದಿದ್ದರೆ ಶಂಕರ ಮೂರನೆಯ ವಾಕ್ಯಕ್ಕೇ ಮುಗಿದಿದ್ದ. ಮಾತಿನ ಕೆಲಸಗಳಿಗೆ, ಅಂದರೆ ಕಾಲ್ ಸೆಂಟರಿಗೋ ಹೊಟೇಲಿನ ಸ್ವಾಗತ ಮೇಜಿಗೋ, ಸಂವಹನದಲ್ಲಿ ನಾಲ್ಕು ಅಂಕ ಬಂದರೆ ಉಳಿದದ್ದು ಎಷ್ಟಿದ್ದರೂ ಪ್ರಯೋಜನವಿಲ್ಲ. ತಾನು ಮಾಡಿದ ಕೆಲಸಕ್ಕೂ ಅರ್ಜಿ ಹಾಕುವ ಹುದ್ದೆಗೂ ಎಲ್ಲಿ ಕೊಂಡಿ ಇದೆ ಎಂದು ನೋಡಿಕೊಳ್ಳುವ ಹೊಣೆ ಅಭ್ಯರ್ಥಿಯದೇ. ಶಂಕರನ ವಿಷಯದಲ್ಲಿ ಆ ಕೊಂಡಿಯನ್ನು ಬೇರೆಯವರು ಹುಡುಕಿಕೊಟ್ಟರು. ಎಲ್ಲರಿಗೂ ಆ ಅದೃಷ್ಟವಿರುವುದಿಲ್ಲ.

ಹಾಗಾಗಿ ಪದವಿ ಮುಗಿಸಿ ರೆಸ್ಯೂಮೆ ಬರೆಯುತ್ತಿರುವ ತಮ್ಮಂದಿರು, ತಂಗಿಯರು ಒಂದು ಕೆಲಸ ಮಾಡಿ. ಇಳಿಸಿಕೊಂಡ ಹಾಳೆಯಲ್ಲಿನ ‘ಸ್ಟ್ರೆಂತ್’ ಸಾಲು ಹೊಡೆದುಹಾಕಿ. ಆ ಜಾಗದಲ್ಲಿ ನೀವು ಕೈಯಾರೆ ಮಾಡಿದ ಕೆಲಸವನ್ನು ಬರೆಯಿರಿ: ಎಲ್ಲಿ, ಎಷ್ಟು ಕಾಲ, ದಿನಕ್ಕೆ ಎಷ್ಟು. ‘ಹಾಲು ಸಂಘದ ಟೆಸ್ಟರ್, ಎರಡು ವರ್ಷ, ದಿನಕ್ಕೆ 118 ಸ್ಯಾಂಪಲ್’ ಎಂಬಷ್ಟು ಸಾಕು. ಆ ಕೆಲಸದಲ್ಲಿ ಏನೋ ಕೆಟ್ಟು, ನೀವು ಅದನ್ನು ಸರಿಪಡಿಸಿದ ಒಂದು ಪ್ರಸಂಗವನ್ನು ಮನೆಯಲ್ಲಿ ಯಾರಿಗಾದರೂ ಎರಡು ಸಲ ಹೇಳಿ, ಅಂಕಿಗಳ ಸಮೇತ. ಬಾಯಿಪಾಠ ಬೇಡ. ಕನ್ನಡದಲ್ಲೇ ಹೇಳಿ, ಆಮೇಲೆ ಇಂಗ್ಲಿಷಿಗೆ ತನ್ನಿ. ಸಂದರ್ಶಕರು ಕೇಳದಿದ್ದರೆ, ‘ಒಂದು ಅನುಭವ ಹೇಳಲೇ ಸರ್’ ಎಂದು ನೀವೇ ಕೇಳಿ. ಬೇಡ ಎನ್ನುವವರು ಕಡಿಮೆ.